ಡೋಪಮೈನ್ ಕಮ್ಮಿ ಆದ್ರೆ ಡೋಪಮೈನನ್ನೇ ಯಾಕೆ ಕೊಡಲ್ಲ? ಮೆದುಳಿನ ಕಾವಲು ಗೋಡೆ ಮತ್ತು ಪಾರ್ಕಿನ್ಸನ್ ಮಾತ್ರೆಯ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ತಿಪಟೂರಿನಿಂದ ಮಾತಾಡ್ತಾ ಇದ್ದೀನಿ. ಈ ಸಲದ ಸಂಚಿಕೆ ಹುಟ್ಟಿದ್ದು ತುರುವೇಕೆರೆ ಕಡೆಯ ಕೇಳುಗರೊಬ್ಬರ ಪ್ರಶ್ನೆಯಿಂದ. ಅವರ ತಂದೆಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಕ, ನಡಿಗೆ ನಿಧಾನ. ಡಾಕ್ಟರು "ಮೆದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಕಮ್ಮಿ ಆಗಿದೆ" ಅಂತ ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ. ಅವರು ಕೇಳಿದ್ದು ಎರಡೇ ಮಾತು: "ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಕೊಡೋ ಹಾಗೆ, ಕಮ್ಮಿ ಆಗಿರೋ ಡೋಪಮೈನನ್ನೇ ಇಂಜೆಕ್ಷನ್ ಕೊಡಬಹುದಲ್ವಾ? ಮತ್ತೆ ಈ ಮಾತ್ರೆನ ಊಟಕ್ಕೆ ಮುಂಚೆಯೇ ತಗೋಬೇಕು ಅಂತ ಅಷ್ಟು ಕಟ್ಟುನಿಟ್ಟು ಯಾಕೆ?"

ನಾನು ಓದಿದ್ದು ಬಿ.ಕಾಂ., ಡಾಕ್ಟರಲ್ಲ. ಆದ್ರೆ ಹುಡುಕ್ತಾ ಹೋದಾಗ ಗೊತ್ತಾಗಿದ್ದು ಏನು ಅಂದ್ರೆ, ಈ ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ. ಅದು ರಕ್ತಕ್ಕೂ ಮೆದುಳಿಗೂ ಮಧ್ಯೆ ಇರೋ ಒಂದು ತಡೆಗೋಡೆ. ಇಂಗ್ಲಿಷಲ್ಲಿ ಅದನ್ನ ಬ್ಲಡ್ ಬ್ರೈನ್ ಬ್ಯಾರಿಯರ್ ಅಂತಾರೆ.

ಮೊದಲು ಒಂದು ವಿಚಿತ್ರ ಹೇಳಿಬಿಡ್ತೀನಿ. ಡೋಪಮೈನ್ ಇಂಜೆಕ್ಷನ್ ಇದೆ! ದೊಡ್ಡ ಆಸ್ಪತ್ರೆಗಳ ಐಸಿಯುಗಳಲ್ಲಿ ಬಿಪಿ ತೀರಾ ಇಳಿದಾಗ ಡ್ರಿಪ್‌ನಲ್ಲಿ ಹಾಕೋ ಔಷಧಿ ಅದು. ಹೃದಯ ಜೋರಾಗಿ ಹೊಡೆಯುತ್ತೆ, ರಕ್ತನಾಳ ಬಿಗಿಯಾಗುತ್ತೆ, ಬಿಪಿ ಏರುತ್ತೆ. ಆದ್ರೆ ಅದೇ ಡ್ರಿಪ್ಪನ್ನ ಪಾರ್ಕಿನ್ಸನ್ ಇರೋರಿಗೆ ಹಾಕಿದ್ರೆ ಕೈ ನಡುಕ ಒಂದು ಚೂರೂ ಕಮ್ಮಿ ಆಗಲ್ಲ. ರಕ್ತದ ತುಂಬ ಡೋಪಮೈನ್ ಇದ್ರೂ ಮೆದುಳಿಗೆ ಅದು ಸಿಗೋದೇ ಇಲ್ಲ.

ಗೋಡೆ ಎಲ್ಲಿದೆ?

ತಡೆಗೋಡೆ ಅಂದ ತಕ್ಷಣ ನಮ್ಮ ಕಡೆಯೋರಿಗೆ ತೆಂಗಿನಕಾಯಿ ಚಿಪ್ಪು ನೆನಪಾಗಬಹುದು, ಹೊರಗೆ ಗಟ್ಟಿ ಒಳಗೆ ಮೆತ್ತಗೆ ಅಂತ. ಅದು ತಲೆಬುರುಡೆಗೆ ಸರಿ ಹೋಗುತ್ತೆ, ಈ ಗೋಡೆಗೆ ಹೋಗಲ್ಲ. ಈ ಗೋಡೆ ಮೆದುಳನ್ನ ಹೊರಗಿಂದ ಸುತ್ತಿಕೊಂಡಿಲ್ಲ. ಮೆದುಳಿನ ಒಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಹರಡಿಕೊಂಡಿವೆಯಲ್ಲ, ಶಾಲೆ ಪುಸ್ತಕದಲ್ಲಿ ಲೋಮನಾಳ ಅಂತ ಓದಿರ್ತೀವಿ, ಅವುಗಳ ಒಂದೊಂದರ ಒಳಮೈಯೇ ಗೋಡೆ. ಇವನ್ನೆಲ್ಲ ಬಿಡಿಸಿ ಉದ್ದಕ್ಕೆ ಜೋಡಿಸಿದ್ರೆ ಸುಮಾರು 600 ಕಿಲೋಮೀಟರ್ ಆಗುತ್ತೆ ಅಂತ ಅಂದಾಜು. ತಿಪಟೂರಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬಂದಷ್ಟು ದೂರ.

ಮೈಯ ಬೇರೆ ಕಡೆ, ಉದಾಹರಣೆಗೆ ಮಾಂಸಖಂಡದಲ್ಲಿ, ಲೋಮನಾಳದ ಒಳಪದರದ ಜೀವಕೋಶಗಳ ನಡುವೆ ಸಣ್ಣ ಸಂದು ಇರುತ್ತೆ. ರಕ್ತದಲ್ಲಿ ಕರಗಿರೋ ಸಣ್ಣಪುಟ್ಟ ಪದಾರ್ಥಗಳು ಆ ಸಂದಿಯಲ್ಲಿ ನುಸುಳಿ ಆಚೆ ಹೋಗುತ್ತವೆ. ಮೆದುಳಲ್ಲಿ ಹಾಗಿಲ್ಲ. ಅಲ್ಲಿ ಪಕ್ಕಪಕ್ಕದ ಜೀವಕೋಶಗಳು ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿವೆ. ಇದಕ್ಕೆ ಟೈಟ್ ಜಂಕ್ಷನ್ ಅಂತ ಹೆಸರು. ಸಂದಿಯಲ್ಲಿ ದಾರಿ ಇಲ್ಲ ಅಂದಮೇಲೆ, ಒಳಗೆ ಹೋಗಬೇಕಾದ ಏನೇ ಆದ್ರೂ ಜೀವಕೋಶವನ್ನೇ ಹಾದು ಹೋಗಬೇಕು.

ಇದು ಗೊತ್ತಾಗಿದ್ದು ಬಣ್ಣದಿಂದ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದ್ರು. ಅಂಗಾಂಗಗಳಿಗೆಲ್ಲ ಬಣ್ಣ ಹತ್ತಿತು, ಮೆದುಳಿಗೆ ಹತ್ತಲಿಲ್ಲ. ಮೆದುಳಿಗೆ ಬಣ್ಣ ಹಿಡಿಯೋ ಗುಣವೇ ಇಲ್ಲವೇನೋ ಅಂತ ಅವರು ಅಂದುಕೊಂಡ್ರು. ಆಮೇಲೆ 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಬಣ್ಣವನ್ನ ರಕ್ತಕ್ಕೆ ಬಿಟ್ಟು ಮೆದುಳು ಬಳ್ಳಿಯ ಸುತ್ತ ಇರೋ ದ್ರವಕ್ಕೇ ಹಾಕಿದ್ರು. ಈ ಸಲ ಮೆದುಳು ನೀಲಿ ಆಯ್ತು, ಮೈಯ ಉಳಿದ ಭಾಗ ಆಗಲಿಲ್ಲ. ಅಂದ್ರೆ ಮೆದುಳು ಬಣ್ಣ ಹಿಡಿಯುತ್ತೆ, ಮಧ್ಯೆ ಏನೋ ತಡೀತಾ ಇದೆ ಅಂತಾಯ್ತು. ಆ "ಏನೋ" ಲೋಮನಾಳದ ಬೆಸುಗೆಯೇ ಅಂತ ಕಣ್ಣಾರೆ ಕಂಡಿದ್ದು 1967ರಲ್ಲಿ, ರೀಸ್ ಮತ್ತು ಕಾರ್ನೋವ್ಸ್ಕಿ ಅನ್ನೋ ಇಬ್ಬರು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ.

ಇಷ್ಟೊಂದು ಬಿಗಿ ಯಾಕೆ ಬೇಕು? ಮೆದುಳಿನ ನರಕೋಶಗಳು ಒಂದಕ್ಕೊಂದು ಮಾತಾಡೋದೇ ಇಂಥ ರಾಸಾಯನಿಕಗಳ ಮೂಲಕ. ಅದೇ ರಾಸಾಯನಿಕಗಳು ರಕ್ತದಲ್ಲೂ ಓಡಾಡ್ತಿರುತ್ತವೆ. ಊಟ ಆದ ಮೇಲೆ ಕೆಲವು ಅಮೈನೋ ಆಮ್ಲಗಳು ಏರುತ್ತವೆ, ಗಾಬರಿ ಆದಾಗ ಅಡ್ರಿನಲಿನ್ ಏರುತ್ತೆ. ಅವೆಲ್ಲ ನೇರ ಮೆದುಳಿಗೆ ನುಗ್ಗಿದ್ರೆ ಪ್ರತಿ ಊಟಕ್ಕೂ ಪ್ರತಿ ಗಾಬರಿಗೂ ನರಗಳ ಲೆಕ್ಕ ತಪ್ಪುತ್ತೆ. ರೋಗಾಣು, ವಿಷದ ಮಾತು ಬೇರೆ. ಹಾಗಾಗಿ ಡೋಪಮೈನನ್ನ ಹೊರಗೆ ನಿಲ್ಲಿಸೋದು ಗೋಡೆಯ ತಪ್ಪಲ್ಲ, ಅದರ ಕೆಲಸವೇ ಅದು.

ಯಾರಿಗೆ ಪ್ರವೇಶ, ಯಾರಿಗಿಲ್ಲ

ಒಳಗೆ ಹೋಗೋಕೆ ಮುಖ್ಯವಾಗಿ ಎರಡು ದಾರಿ. ಮೊದಲನೇದು ಕೊಬ್ಬಿನ ದಾರಿ. ಜೀವಕೋಶದ ಹೊರಪೊರೆ ಕೊಬ್ಬಿನಿಂದ ಆಗಿದ್ದು. ಹಾಗಾಗಿ ಕೊಬ್ಬಿನಲ್ಲಿ ಕರಗೋ ಸಣ್ಣ ಅಣುಗಳು ಸಲೀಸಾಗಿ ಹಾದು ಹೋಗುತ್ತವೆ. ಹೆಂಡ, ಬೀಡಿಯ ನಿಕೋಟಿನ್ ಅಷ್ಟು ಬೇಗ ತಲೆಗೆ ಏರೋದು ಇದಕ್ಕೇ. ಎರಡನೇದು ಬಾಗಿಲ ದಾರಿ. ಮೆದುಳಿಗೆ ಬೇಕೇಬೇಕಾದ ಸಕ್ಕರೆ, ಅಮೈನೋ ಆಮ್ಲ ಇವು ನೀರಿನಲ್ಲಿ ಕರಗೋ ಪದಾರ್ಥಗಳು, ಕೊಬ್ಬಿನ ದಾರಿ ಇವಕ್ಕೆ ಆಗಲ್ಲ. ಇವುಗಳಿಗಾಗಿ ಗೋಡೆಯಲ್ಲಿ ಒಂದೊಂದು ಪ್ರತ್ಯೇಕ ಬಾಗಿಲು ಇದೆ, ಆ ಬಾಗಿಲಿಗೆ ಹೊಂದೋ ಆಕಾರ ಇದ್ದೋರನ್ನ ಮಾತ್ರ ಅದು ಎತ್ತಿ ಒಳಗೆ ಬಿಡುತ್ತೆ.

ಇದರ ಜೊತೆಗೆ ಗೋಡೆಯಲ್ಲಿ ಪಂಪುಗಳೂ ಇವೆ. ಹೇಗೋ ನುಸುಳಿ ಬಂದ ಅಪರಿಚಿತ ಅಣುವನ್ನ ಹಿಡಿದು ವಾಪಸ್ ರಕ್ತಕ್ಕೆ ಎಸೆಯೋದು ಇವುಗಳ ಕೆಲಸ. ಇದನ್ನ ನೀವೇ ಅನುಭವಿಸಿರ್ತೀರಿ. ಮೈ ತುರಿಕೆಗೆ ಅಂತ ಹಳೇ ಕಾಲದ ಅಲರ್ಜಿ ಮಾತ್ರೆ, ಅಂದ್ರೆ ಫೆನಿರಮೈನ್ ಥರದ್ದು ತಗೊಂಡ್ರೆ ಕಣ್ಣು ಎಳೆಯುತ್ತೆ, ಗಾಡಿ ಓಡಿಸೋಕೆ ಆಗಲ್ಲ. ಅದೇ ಫೆಕ್ಸೋಫೆನಡಿನ್ ತಗೊಂಡ್ರೆ ತುರಿಕೆ ಹೋಗುತ್ತೆ, ನಿದ್ದೆ ಅಷ್ಟಾಗಿ ಬರಲ್ಲ. ಎರಡೂ ತಡೆಯೋದು ಹಿಸ್ಟಮಿನ್ ಅನ್ನೋ ಒಂದನ್ನೇ. ವ್ಯತ್ಯಾಸ ಏನು ಅಂದ್ರೆ ಮೊದಲನೇದು ಗೋಡೆ ದಾಟುತ್ತೆ, ಎರಡನೇದನ್ನ ಪಂಪು ಹೊರಗೇ ಇಡುತ್ತೆ.

ಚಿಕ್ಕದು ಹೊರಗೆ, ದೊಡ್ಡದು ಒಳಗೆ

ಈಗ ಡೋಪಮೈನ್ ಕತೆಗೆ ಬರೋಣ. ಮೆದುಳಿನ ಬುಡದಲ್ಲಿ ಕಪ್ಪಾಗಿ ಕಾಣೋ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿನ ನರಕೋಶಗಳು ಡೋಪಮೈನ್ ತಯಾರಿಸುತ್ತವೆ. ಪಾರ್ಕಿನ್ಸನ್‌ನಲ್ಲಿ ಆ ಕೋಶಗಳು ಸಾಯ್ತಾ ಹೋಗುತ್ತವೆ. ಕೈಕಾಲಿಗೆ ಹೋಗೋ ಆಜ್ಞೆ ಸರಾಗವಾಗಿ ಹರಿಯೋಕೆ ಡೋಪಮೈನ್ ಬೇಕು. ಅದು ಇಲ್ಲದೆ ಮೈ ಬಿಗಿಯಾಗುತ್ತೆ, ನಿಧಾನ ಆಗುತ್ತೆ, ನಡುಗುತ್ತೆ.

ಡೋಪಮೈನ್ ಅಣುವಿನ ತೂಕ 153 ಡಾಲ್ಟನ್. ಔಷಧಿಗಳ ಲೆಕ್ಕದಲ್ಲಿ ಇದು ತುಂಬ ಚಿಕ್ಕದು. ಆದ್ರೂ ಗೋಡೆ ದಾಟಲ್ಲ, ಯಾಕಂದ್ರೆ ಅದು ಕೊಬ್ಬಿನಲ್ಲಿ ಕರಗಲ್ಲ, ಅದಕ್ಕೆ ಅಂತ ಬಾಗಿಲೂ ಇಲ್ಲ. ನಮ್ಮ ಮೈಯಲ್ಲಿ ಡೋಪಮೈನ್ ಆಗೋದಕ್ಕೆ ಒಂದು ಹೆಜ್ಜೆ ಮುಂಚಿನ ಪದಾರ್ಥದ ಹೆಸರು ಲೆವೊಡೋಪಾ. ಅದರ ತೂಕ 197 ಡಾಲ್ಟನ್, ಡೋಪಮೈನಿಗಿಂತ ದೊಡ್ಡದು. ಆದ್ರೆ ಅದು ಒಂದು ಅಮೈನೋ ಆಮ್ಲ. ಗೋಡೆಯಲ್ಲಿ ದೊಡ್ಡ ಅಮೈನೋ ಆಮ್ಲಗಳಿಗೆ ಅಂತ ಇರೋ ಬಾಗಿಲು ಅದನ್ನ ತನ್ನೋನೇ ಅಂತ ಒಳಗೆ ಬಿಡುತ್ತೆ. ಒಳಗೆ ಹೋದಮೇಲೆ ಒಂದು ಕಿಣ್ವ ಅದರ ಒಂದು ತುಣುಕು ಕತ್ತರಿಸುತ್ತೆ, ಡೋಪಮೈನ್ ಆಗುತ್ತೆ. ಇದೇ ಪಾರ್ಕಿನ್ಸನ್ ಮಾತ್ರೆ. ಹಾಗಾಗಿ ಕೇಳುಗರ ಮೊದಲ ಪ್ರಶ್ನೆಗೆ ಉತ್ತರ: ಡೋಪಮೈನಿಗೆ ಬಾಗಿಲಿಲ್ಲ, ಅದರ ಕಚ್ಚಾ ಸಾಮಗ್ರಿಗೆ ಇದೆ.

ಇದಕ್ಕೂ ನಮ್ಮ ನೆಲಕ್ಕೂ ಒಂದು ನಂಟು ಇದೆ. ಬೇಲಿಯಲ್ಲಿ ಬೆಳೆಯೋ ನಸುಗುನ್ನಿ ಗೊತ್ತಲ್ಲ, ಕಾಯಿ ಸೋಕಿದ್ರೆ ಮೈಯೆಲ್ಲ ತುರಿಕೆ? ಅದರ ತುರಿಸದ ತಳಿಯನ್ನ ವೆಲ್ವೆಟ್ ಬೀನ್ಸ್ ಅಂತ ತೋಟಗಳಲ್ಲಿ ಹೊದಿಕೆ ಬೆಳೆಯಾಗಿ ಹಾಕ್ತಾರೆ. ಅದರ ಬೀಜದಲ್ಲಿ ಲೆವೊಡೋಪಾ ಇದೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನ ಬೀಜದಿಂದ ಬೇರ್ಪಡಿಸಿ ತೋರಿಸಿದ್ರು. ಆಯುರ್ವೇದದಲ್ಲಿ ಕಂಪವಾತಕ್ಕೆ ಇದೇ ಬೀಜ ಬಳಸೋ ರೂಢಿ ಹಳೇದು. ಈ ಬೀಜದ ವಿಷಯಕ್ಕೆ ಇನ್ನೊಂದು ಸಲ ಬರ್ತೀನಿ.

ಬಾಗಿಲು ಇದ್ರೆ ಸಾಲದು

1960ರ ದಶಕದಲ್ಲಿ ಬರೀ ಲೆವೊಡೋಪಾ ಕೊಟ್ಟಾಗ ಒಂದು ಕಷ್ಟ ಎದುರಾಯ್ತು. ಲೆವೊಡೋಪಾನ ಕತ್ತರಿಸೋ ಕಿಣ್ವ ಬರೀ ಮೆದುಳಲ್ಲಿ ಇಲ್ಲ, ಕರುಳಲ್ಲೂ ಇದೆ, ಮೈಯ ಬೇರೆ ಕಡೆಯೂ ಇದೆ. ನುಂಗಿದ ಬಹುಪಾಲು ಲೆವೊಡೋಪಾ ದಾರಿಯಲ್ಲೇ ಡೋಪಮೈನ್ ಆಗಿಬಿಡುತ್ತೆ. ಆದಮೇಲೆ ಅದಕ್ಕೆ ಗೋಡೆ ದಾಟೋಕೆ ಆಗಲ್ಲ. ನೂರು ಮಿಲಿಗ್ರಾಂ ನುಂಗಿದ್ರೆ ಮೆದುಳಿಗೆ ಮುಟ್ಟೋದು ಸುಮಾರು ಒಂದು ಮಿಲಿಗ್ರಾಂ ಅಷ್ಟೇ. ಉಳಿದಿದ್ದು ಹೊರಗೆ ಓಡಾಡಿ ವಾಂತಿ ತರಿಸುತ್ತೆ.

ಯಾಕೆ ವಾಂತಿ? ಮೆದುಳಿನ ಬುಡದಲ್ಲಿ ವಾಂತಿಯ ಆಜ್ಞೆ ಕೊಡೋ ಒಂದು ಜಾಗ ಇದೆ, ಅಲ್ಲಿ ಈ ಗೋಡೆ ಬಿಗಿಯಾಗಿಲ್ಲ. ರಕ್ತದಲ್ಲಿ ವಿಷ ಇದೆಯಾ ಅಂತ ರುಚಿ ನೋಡೋದೇ ಅದರ ಕೆಲಸ, ಹಾಗಾಗಿ ಅದು ಗೋಡೆಯಾಚೆಗೆ ಮೂಗು ಚಾಚಿಕೊಂಡೇ ಇರಬೇಕು. ಹೊರಗಿನ ಡೋಪಮೈನ್ ಅದಕ್ಕೆ ತಾಗಿದ್ರೆ ಹೊಟ್ಟೆ ತೊಳಸುತ್ತೆ.

ಪರಿಹಾರ ಸಿಕ್ಕಿದ್ದು ಅದೇ ಗೋಡೆಯಿಂದ. ಕಾರ್ಬಿಡೋಪಾ ಅನ್ನೋ ಇನ್ನೊಂದು ಪದಾರ್ಥ ಆ ಕಿಣ್ವವನ್ನ ಕಟ್ಟಿಹಾಕುತ್ತೆ, ಆದ್ರೆ ಗೋಡೆ ದಾಟಲ್ಲ. ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದ್ರೆ ಹೊರಗಿನ ಕಿಣ್ವ ಸುಮ್ಮನಾಗುತ್ತೆ, ಒಳಗಿನ ಕಿಣ್ವ ತನ್ನ ಪಾಡಿಗೆ ಕೆಲಸ ಮಾಡುತ್ತೆ. ಬೇಕಾಗೋ ಲೆವೊಡೋಪಾ ಸುಮಾರು ಮುಕ್ಕಾಲು ಪಾಲು ಕಮ್ಮಿ ಆಯ್ತು. ಅಮೆರಿಕದಲ್ಲಿ 1975ರಲ್ಲಿ ಬಂದ ಈ ಜೋಡಿ ಮಾತ್ರೆಗೆ ಸಿನೆಮೆಟ್ ಅಂತ ಹೆಸರಿಟ್ರು. ಲ್ಯಾಟಿನ್‌ನಲ್ಲಿ "ವಾಂತಿ ಇಲ್ಲದ್ದು" ಅನ್ನೋ ಅರ್ಥ ಬರೋ ಹೆಸರು.

ನಿಮ್ಮ ಮನೆಯಲ್ಲಿ ಈ ಮಾತ್ರೆ ಇದ್ರೆ ಪಟ್ಟಿ ಮೇಲಿನ ಅಂಕಿ ನೋಡಿ. 110 ಅಂತ ಇದ್ರೆ 10 ಮಿಲಿಗ್ರಾಂ ಕಾರ್ಬಿಡೋಪಾ, 100 ಲೆವೊಡೋಪಾ. 125 ಅಂತ ಇದ್ರೆ 25 ಕಾರ್ಬಿಡೋಪಾ, ಅದೇ 100 ಲೆವೊಡೋಪಾ. ಹೊರಗಿನ ಕಿಣ್ವವನ್ನ ಪೂರ್ತಿ ಕಟ್ಟಿಹಾಕೋಕೆ ದಿನಕ್ಕೆ 70ರಿಂದ 100 ಮಿಲಿಗ್ರಾಂ ಕಾರ್ಬಿಡೋಪಾ ಬೇಕು. 110ರ ಮಾತ್ರೆ ದಿನಕ್ಕೆ ಮೂರು ಅಂದ್ರೆ 30 ಆಯ್ತು, 125ರದ್ದು ಮೂರು ಅಂದ್ರೆ 75. ಅಂಗಡಿಯಲ್ಲಿ "ಇದೂ ಅದೇ ಮಾತ್ರೆ" ಅಂತ ಬದಲಾಯಿಸಿ ಕೊಟ್ಟು, ಆಮೇಲೆ ಹೊಟ್ಟೆ ತೊಳಸೋಕೆ ಶುರುವಾದ್ರೆ ಕಾರಣ ಇದೇ ಇರಬಹುದು. ಡಾಕ್ಟರಿಗೆ ಆ ಪಟ್ಟಿಯನ್ನೇ ತೋರಿಸಿ.

ನಸುಗುನ್ನಿ ಪುಡಿಯ ವಿಷಯವೂ ಇಲ್ಲೇ ಅರ್ಥ ಆಗುತ್ತೆ. 2004ರಲ್ಲಿ ಲಂಡನ್ನಿನಲ್ಲಿ ಎಂಟು ರೋಗಿಗಳ ಮೇಲೆ ಒಂದು ಪರೀಕ್ಷೆ ಮಾಡಿದ್ರು. ಒಂದು ಕಡೆ 200 ಮಿಲಿಗ್ರಾಂ ಲೆವೊಡೋಪಾ ಇರೋ ಮಾಮೂಲಿ ಜೋಡಿ ಮಾತ್ರೆ, ಇನ್ನೊಂದು ಕಡೆ 30 ಗ್ರಾಂ ಬೀಜದ ಪುಡಿ. ಪುಡಿ ಚೆನ್ನಾಗೇ ಕೆಲಸ ಮಾಡಿತು, ಬೇಗಲೂ ಮಾಡಿತು. ಆದ್ರೆ ಆ ಪುಡಿಯಲ್ಲಿ ಲೆವೊಡೋಪಾ ಇದ್ದಿದ್ದು ಸುಮಾರು 1000 ಮಿಲಿಗ್ರಾಂ, ಐದು ಪಟ್ಟು. ಪುಡಿಯಲ್ಲಿ ಕಾರ್ಬಿಡೋಪಾ ಇಲ್ಲವಲ್ಲ. ಅದೂ ಅಳೆದು ತೂಗಿದ ಪುಡಿ, ಒಂದೇ ಸಲದ ಡೋಸು. ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತೆ. ಹಾಗಾಗಿ ಪುಡಿ ಅಂದ್ರೆ ಬರೀ ಗಿಡಮೂಲಿಕೆ ಅಂದುಕೊಂಡು ಮಾತ್ರೆ ಜೊತೆ ಸೇರಿಸಿಕೊಂಡ್ರೆ, ಲೆಕ್ಕ ಇಲ್ಲದ ಡೋಸು ಮೇಲೆ ಬಿದ್ದ ಹಾಗೆ. ಬಿಪಿ ಇಳಿಯೋದು, ಮೈ ತಿರುಚೋದು, ಭ್ರಮೆ ಆಗಬಹುದು. ತಗೋತಾ ಇದ್ರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಊಟಕ್ಕೆ ಮುಂಚೆ ಯಾಕೆ?

ಈಗ ಎರಡನೇ ಪ್ರಶ್ನೆ. ಹರಾಜಿನ ದಿನ ನಮ್ಮ ಎಪಿಎಂಸಿ ಯಾರ್ಡಿನ ಗೇಟು ನೆನಪು ಮಾಡ್ಕೊಳ್ಳಿ. ಕೊಬ್ಬರಿ ಗಾಡಿ ನಿಮ್ಮದೊಂದೇ ಇದ್ರೆ ಸೀದಾ ಒಳಗೆ. ಮುಂದೆ ನಲವತ್ತು ಗಾಡಿ ನಿಂತಿದ್ರೆ ನಿಮ್ಮ ಗಾಡಿಯಲ್ಲಿ ಏನೂ ತೊಂದರೆ ಇಲ್ಲದಿದ್ರೂ ಕಾಯಬೇಕು.

ಲೆವೊಡೋಪಾ ಹೋಗೋ ಬಾಗಿಲು ಅದರ ಸ್ವಂತದ್ದಲ್ಲ. ಬೇಳೆ, ಕಾಳು, ಹಾಲು, ಮೊಟ್ಟೆ, ಮಾಂಸದ ಪ್ರೋಟೀನ್ ಕರಗಿದಾಗ ಬರೋ ಲ್ಯೂಸಿನ್, ಫಿನೈಲ್ ಅಲನಿನ್ ಥರದ ಅಮೈನೋ ಆಮ್ಲಗಳೂ ಅದೇ ಬಾಗಿಲಿಗೆ ಬರುತ್ತವೆ. ಹುರುಳಿಕಾಳು ಸಾರು, ಮೊಟ್ಟೆ, ಒಂದು ಲೋಟ ಮಜ್ಜಿಗೆ ಆದಮೇಲೆ ಮಾತ್ರೆ ನುಂಗಿದ್ರೆ ಬಾಗಿಲ ಮುಂದೆ ಸಾಲು ಉದ್ದ ಆಗಿರುತ್ತೆ.

"ಇದು ಹೊಟ್ಟೆಯಲ್ಲೇ ಆಗೋ ಅಡ್ಡಿ ಇರಬಹುದಲ್ವಾ?" ಅಂತ ಕೇಳಬಹುದು. ಅದನ್ನ ಅಮೆರಿಕದ ಜಾನ್ ನಟ್ ಮತ್ತು ಜೊತೆಗಾರರು 1984ರಲ್ಲಿ ಪರೀಕ್ಷೆ ಮಾಡಿದ್ರು. ಅವರು ಹೊಟ್ಟೆಯನ್ನ ಲೆಕ್ಕದಿಂದಲೇ ತೆಗೆದುಬಿಟ್ರು. ಲೆವೊಡೋಪಾನ ಡ್ರಿಪ್‌ನಲ್ಲಿ ನೇರ ರಕ್ತಕ್ಕೆ, ಒಂದೇ ಸಮನೆ ಹರಿಸಿದ್ರು. ರೋಗಿಗಳು ಚೆನ್ನಾಗಿ ಓಡಾಡ್ತಿದ್ರು. ಆಗ ಪ್ರೋಟೀನ್ ಜಾಸ್ತಿ ಇರೋ ಊಟ ಕೊಟ್ರು. ಕೈಕಾಲು ಮತ್ತೆ ಬಿಗಿಯಾಯ್ತು. ರಕ್ತ ಪರೀಕ್ಷೆ ಮಾಡಿದ್ರೆ ಲೆವೊಡೋಪಾ ಕಮ್ಮಿ ಆಗೇ ಇರಲಿಲ್ಲ! ಅಂದ್ರೆ ಔಷಧಿ ರಕ್ತದಲ್ಲಿ ಇದೆ, ಮೆದುಳಿಗೆ ಹೋಗ್ತಿಲ್ಲ. ಇನ್ನೂ ಖಚಿತ ಮಾಡ್ಕೊಳ್ಳೋಕೆ ಬಿಡಿ ಅಮೈನೋ ಆಮ್ಲಗಳನ್ನ ಕೊಟ್ಟು ನೋಡಿದ್ರು. ಆ ಬಾಗಿಲನ್ನೇ ಬಳಸೋ ಲ್ಯೂಸಿನ್, ಐಸೊಲ್ಯೂಸಿನ್, ಫಿನೈಲ್ ಅಲನಿನ್ ಕೊಟ್ಟಾಗ ಮಾತ್ರೆಯ ಗುಣ ಕುಸೀತು. ಆ ಬಾಗಿಲು ಬಳಸದ ಗ್ಲೈಸಿನ್, ಲೈಸಿನ್ ಕೊಟ್ಟಾಗ ಏನೂ ಆಗಲಿಲ್ಲ. ಅಡ್ಡಿ ಗೋಡೆಯ ಬಾಗಿಲಲ್ಲೇ ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸೋದು ಕಷ್ಟ.

ಅದಕ್ಕೇ ಡಾಕ್ಟರುಗಳು ಸಾಮಾನ್ಯವಾಗಿ ಹೇಳೋದು: ಊಟಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ ಮುಂಚೆ, ಇಲ್ಲಾಂದ್ರೆ ಊಟ ಆಗಿ ಒಂದು ಗಂಟೆಗೂ ಹೆಚ್ಚು ಹೊತ್ತಿನ ಮೇಲೆ. ಬರೀ ಹೊಟ್ಟೆಗೆ ತೊಳಸಿದ್ರೆ ಜೊತೆಗೆ ಒಂದು ಬಾಳೆಹಣ್ಣೋ ಸ್ವಲ್ಪ ಮಂಡಕ್ಕಿಯೋ ತಿನ್ನಬಹುದು, ಹಾಲು ಬೇಡ.

ಆದ್ರೆ ಎಲ್ಲರಿಗೂ ಇದು ಒಂದೇ ಥರ ಕಾಡಲ್ಲ. ಕಾಯಿಲೆಯ ಮೊದಲ ವರ್ಷಗಳಲ್ಲಿ ಉಳಿದ ನರಕೋಶಗಳು ಡೋಪಮೈನನ್ನ ಕೂಡಿಟ್ಟುಕೊಳ್ಳುತ್ತವೆ, ಒಂದು ಹೊತ್ತು ಬಾಗಿಲಲ್ಲಿ ತಡ ಆದ್ರೂ ಗೊತ್ತಾಗಲ್ಲ. ವರ್ಷ ಕಳೆದಂತೆ ಆ ಉಗ್ರಾಣ ಖಾಲಿ ಆಗುತ್ತೆ, ಆಗ ತಡ ಆಗಿದ್ದು ನಡಿಗೆಯಲ್ಲೇ ಕಾಣುತ್ತೆ.

ಗುರುತಿಸೋದು ಹೇಗೆ? ಒಂದು ವಾರ ನೋಟ್‌ಬುಕ್ಕಿನಲ್ಲಿ ಮೂರು ಸಮಯ ಬರೆದಿಡಿ: ಮಾತ್ರೆ ಎಷ್ಟು ಹೊತ್ತಿಗೆ, ಏನು ತಿಂದ್ರು ಎಷ್ಟು ಹೊತ್ತಿಗೆ, ಮೈ ಸಡಿಲ ಆಗಿದ್ದು ಎಷ್ಟು ಹೊತ್ತಿಗೆ. ಬೆಳಗಿನ ಮಾತ್ರೆ ಚೆನ್ನಾಗಿ ಹಿಡಿದು, ಮಧ್ಯಾಹ್ನ ಕಾಳುಸಾರಿನ ಊಟದ ದಿನ ಮಾತ್ರ ಕೈ ಕೊಡ್ತಿದ್ರೆ ಪ್ರೋಟೀನಿನ ಕಡೆ ಅನುಮಾನ ಪಡಬಹುದು. ಏನು ತಿಂದ್ರೂ ಪ್ರತಿ ಡೋಸೂ ಮುಂದಿನ ಡೋಸಿಗೆ ಮುಂಚೆ ಇಳಿದುಹೋಗ್ತಿದ್ರೆ ಅದು ಬೇರೆ, ಡೋಸಿನ ಅಂತರದ ವಿಷಯ. ಮಲಬದ್ಧತೆ, ಹೊಟ್ಟೆ ನಿಧಾನ ಆಗೋದೂ ಪಾರ್ಕಿನ್ಸನ್‌ನಲ್ಲಿ ಇರುತ್ತೆ, ಆಗ ಮಾತ್ರೆ ಗೋಡೆ ತನಕ ಬರೋದೇ ತಡ. ಈ ನೋಟ್‌ಬುಕ್ ನೋಡಿದ್ರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರೋಟೀನ್ ಬಿಟ್ಟುಬಿಡೋದು ಮಾತ್ರ ಬೇಡ. ವಯಸ್ಸಾದೋರು ಮೊದಲೇ ಸೊರಗಿರ್ತಾರೆ. ತೊಂದರೆ ಇರೋರಿಗೆ ಡಾಕ್ಟರು ಪ್ರೋಟೀನಿನ ಬಹುಪಾಲನ್ನ ರಾತ್ರಿ ಊಟಕ್ಕೆ ಸರಿಸೋಕೆ ಹೇಳ್ತಾರೆ, ಹಗಲು ಓಡಾಡೋ ಹೊತ್ತಿಗೆ ಬಾಗಿಲು ಖಾಲಿ ಇರಲಿ ಅಂತ. ಮಾತ್ರೆನ ಯಾವ ಕಾರಣಕ್ಕೂ ನೀವಾಗೇ ಏಕಾಏಕಿ ನಿಲ್ಲಿಸಬೇಡಿ, ಅದು ಪ್ರಾಣಕ್ಕೇ ಅಪಾಯ.

ವಾಂತಿ ಇಂಜೆಕ್ಷನ್ ಮುಂಚೆ ಒಂದು ಮಾತು

ಈ ಸಂಚಿಕೆಯಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ. ಪಾರ್ಕಿನ್ಸನ್ ಇರೋ ಹಿರಿಯರಿಗೆ ವಾಂತಿ ಆಯ್ತು ಅಂತ ಹತ್ತಿರದ ಕ್ಲಿನಿಕ್ಕಿಗೆ ಕರಕೊಂಡು ಹೋಗ್ತೀವಿ. ವಾಂತಿಗೆ ಸಾಮಾನ್ಯವಾಗಿ ಕೊಡೋ ಔಷಧಿಗಳಲ್ಲಿ ಮೆಟೊಕ್ಲೊಪ್ರಮೈಡ್ ಒಂದು. ಅದು ಡೋಪಮೈನ್ ಕೂರೋ ಜಾಗವನ್ನ ಮುಚ್ಚಿ ವಾಂತಿ ನಿಲ್ಲಿಸುತ್ತೆ. ತೊಂದರೆ ಏನಂದ್ರೆ ಅದು ಗೋಡೆಯನ್ನೂ ದಾಟುತ್ತೆ, ಮೆದುಳಿನ ಒಳಗೂ ಅದೇ ಜಾಗ ಮುಚ್ಚುತ್ತೆ. ಕಷ್ಟಪಟ್ಟು ಬಾಗಿಲು ದಾಟಿಸಿದ ಡೋಪಮೈನಿಗೆ ಕೂರೋಕೆ ಜಾಗ ಇಲ್ಲ. ವಾಂತಿ ನಿಲ್ಲುತ್ತೆ, ಮನುಷ್ಯ ಮರದ ಹಾಗೆ ಬಿಗೀತಾರೆ. ತಲೆಸುತ್ತಿಗೆ ಕೊಡೋ ಪ್ರೊಕ್ಲೋರ್‌ಪೆರಜಿನ್ ಕೂಡ ಇದೇ ಥರ.

ಡೊಂಪೆರಿಡೋನ್ ಮಾಡೋದೂ ಅದೇ ಕೆಲಸ, ಆದ್ರೆ ಗೋಡೆಯ ಪಂಪು ಅದನ್ನ ಬಹುಪಾಲು ಹೊರಗೇ ಇಡುತ್ತೆ. ವಾಂತಿಯ ಜಾಗ ಗೋಡೆಯ ಹೊರಗಿದೆ ಅಂದೆವಲ್ಲ, ಅಲ್ಲಿ ಮಾತ್ರ ಕೆಲಸ ಆಗುತ್ತೆ. ಹಾಗಾಗಿ ಪಾರ್ಕಿನ್ಸನ್ ಇದ್ದೋರಿಗೆ ಡಾಕ್ಟರು ಅದನ್ನ ಆರಿಸ್ತಾರೆ. ಅದಕ್ಕೂ ಹೃದಯ ಬಡಿತದ ಒಂದು ಅಪಾಯ ಇದೆ, ನೀವೇ ಅಂಗಡಿಯಲ್ಲಿ ಕೊಳ್ಳೋದು ಬೇಡ. ನೀವು ಮಾಡಬೇಕಾದ್ದು ಇಷ್ಟೇ: ಇಂಜೆಕ್ಷನ್ ಮುಂಚೆ "ಇವರಿಗೆ ಪಾರ್ಕಿನ್ಸನ್ ಇದೆ, ಈ ಮಾತ್ರೆ ತಗೋತಾರೆ" ಅಂತ ಬಾಯಿಬಿಟ್ಟು ಹೇಳೋದು.

ಬಾಗಿಲೇ ಇಲ್ಲದಿದ್ರೆ?

ಲೆವೊಡೋಪಾ ಅದೃಷ್ಟದ ಔಷಧಿ, ಅದಕ್ಕೆ ಹೊಂದೋ ಬಾಗಿಲು ಮೊದಲೇ ಇತ್ತು. ಬಹುಪಾಲು ಔಷಧಿಗಳಿಗೆ ಅದಿಲ್ಲ. ಸಾಯ್ತಿರೋ ನರಕೋಶಗಳನ್ನ ಉಳಿಸಬಹುದು ಅಂತ ಆಸೆ ಇಟ್ಟಿದ್ದ ಜಿಡಿಎನ್‌ಎಫ್ ಅನ್ನೋ ಪ್ರೋಟೀನ್ ಇದೆ, ಅದು ಗೋಡೆ ದಾಟಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತಲೆಬುರುಡೆಗೆ ತೂತು ಕೊರೆದು ಸಣ್ಣ ಕೊಳವೆಗಳಿಂದ ನೇರ ಮೆದುಳಿಗೇ ಹಾಕಿ ನೋಡಿದ್ರು. 2019ರಲ್ಲಿ ಬಂದ ಫಲಿತಾಂಶದಲ್ಲಿ, ಗೊತ್ತುಮಾಡಿಕೊಂಡಿದ್ದ ಮುಖ್ಯ ಗುರಿ ಮುಟ್ಟಲಿಲ್ಲ. ಇನ್ನೊಂದು ಉಪಾಯ, ಗೋಡೆಯಲ್ಲಿ ಈಗಾಗಲೇ ಇರೋ ಕಬ್ಬಿಣಾಂಶದ ಬಾಗಿಲಿಗೆ ಹೊಂದೋ ಹಿಡಿಯೊಂದನ್ನ ಔಷಧಿಗೆ ಅಂಟಿಸೋದು. ಹಂಟರ್ ಸಿಂಡ್ರೋಮ್ ಅನ್ನೋ ಅಪರೂಪದ ಮಕ್ಕಳ ಕಾಯಿಲೆಗೆ ಹೀಗೆ ಮಾಡಿದ ಔಷಧಿಗೆ ಜಪಾನ್ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಪಾರ್ಕಿನ್ಸನ್‌ಗೆ ಮಾತ್ರ ಇವತ್ತಿಗೂ ಮುಖ್ಯ ಔಷಧಿ ಅದೇ ಲೆವೊಡೋಪಾ.

ನೋಟ್‌ಬುಕ್ ಬರೆಯೋಕೆ ಶುರು ಮಾಡಿದ್ರೆ, ವಾರ ಆದಮೇಲೆ ಏನು ಕಂಡಿತು ಅಂತ ನಮಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.